START, STOP ಇದ್ದ ಮಾತ್ರಕ್ಕೆ ಫ್ಲೋ ಚಾರ್ಟ್ ಅಲ್ಲ: ಸ್ಕ್ರೀನ್‌ಶಾಟ್‌ನಲ್ಲಿರುವ ಚಿತ್ರ ಯಾವ ಜಾತಿಯದು ಎಂದು ಪತ್ತೆ ಮಾಡುವ ಬಗೆ

ಮಂಡ್ಯ ಜಿಲ್ಲೆಯಲ್ಲಿ ಬೋರ್‌ವೆಲ್ ಇರುವ ಮನೆಯವರ ಫೋನ್ ತೆಗೆದು ನೋಡಿದರೆ ಇಂಥ ಒಂದಾದರೂ ಸ್ಕ್ರೀನ್‌ಶಾಟ್ ಇರುತ್ತದೆ. ನಾಲ್ಕು ಡಬ್ಬ, ಹತ್ತಾರು ಗೆರೆ, ಅಲ್ಲಲ್ಲಿ ಇಂಗ್ಲಿಷ್ ಅಕ್ಷರ. ಸ್ಟಾರ್ಟರ್ ಅಂಗಡಿಯವರು ಕಳಿಸಿದ್ದೋ, ಮಗನ ಡಿಪ್ಲೊಮಾ ನೋಟ್ಸೋ, ಸಿಸಿಟಿವಿ ಹಾಕಿದವರು ಬಿಟ್ಟುಹೋದದ್ದೋ ಯಾರಿಗೂ ನೆನಪಿರುವುದಿಲ್ಲ. ಮೈಸೂರಿನಲ್ಲಿ ಪ್ಯಾನಲ್ ಬೋರ್ಡ್ ಕೆಲಸ ಮಾಡುವ ನನಗೆ ನಾಗಮಂಗಲ ಕಡೆಯ ರೈತರೊಬ್ಬರಿಂದ ಅಂಥದ್ದೇ ಒಂದು ಬಂತು. ಜೊತೆಗೆ ಈ ಪ್ರಶ್ನೆ: "ಅಣ್ಣಾ, ಈ ಫ್ಲೋ ಚಾರ್ಟ್ ಪ್ರಕಾರ START ಒತ್ತಿದ್ರೆ ಮೋಟರ್ ಓಡ್ಬೇಕು. ಓಡುತ್ತೆ, ಕೈ ಬಿಟ್ರೆ ನಿಂತೋಗುತ್ತೆ. ಚಾರ್ಟ್ ತಪ್ಪಿದೆಯಾ?"

ಅದು ಫ್ಲೋ ಚಾರ್ಟ್ ಆಗಿರಲಿಲ್ಲ. ಸ್ಟಾರ್ಟರಿನ ಸರ್ಕ್ಯೂಟ್ ಆಗಿತ್ತು. ಹಾಗೆಂದು ಗೊತ್ತಾದ ಮೇಲೆ ದೋಷ ಎಲ್ಲಿದೆ ಎಂದು ಆ ಚಿತ್ರವೇ ಹೇಳಿತು. ಅದನ್ನು ಕೆಳಗೆ ಬಿಡಿಸಿ ಹೇಳುತ್ತೇನೆ.

ಹೆಚ್ಚಿನವರು ಡಬ್ಬದ ಆಕಾರ ನೋಡಿ ಜಾತಿ ಹೇಳಲು ಹೋಗುತ್ತಾರೆ. ಆಕಾರ ಮೋಸ ಮಾಡುತ್ತದೆ. ಚೌಕ, ಗುಂಡು, ವಜ್ರ ಇವು ಫ್ಲೋ ಚಾರ್ಟ್, ಸರ್ಕ್ಯೂಟ್, ನೆಟ್‌ವರ್ಕ್ ಚಿತ್ರ ಯಾವುದರಲ್ಲೂ ಬರಬಹುದು. ಅದರ ಬದಲು ಗೆರೆಯನ್ನು ನೋಡಿ. ಫ್ಲೋ ಚಾರ್ಟಿನಲ್ಲಿ ಗೆರೆ ಎಂದರೆ "ಇದಾದ ಮೇಲೆ ಅದು". ಸರ್ಕ್ಯೂಟಿನಲ್ಲಿ ಗೆರೆ ಎಂದರೆ ಕರೆಂಟ್ ಹರಿಯುವ ವೈರ್. ನೆಟ್‌ವರ್ಕ್ ಚಿತ್ರದಲ್ಲಿ ಗೆರೆ ಎಂದರೆ ಎರಡು ಪೆಟ್ಟಿಗೆಗಳ ನಡುವಿನ ಸಂಪರ್ಕ, ಅಷ್ಟೇ. ಮುಂದಿನ ಪರೀಕ್ಷೆಗಳೆಲ್ಲ ಇದರ ಮೇಲೆಯೇ ನಿಂತಿವೆ.

## ಅಕ್ಷರ ಮಸುಕು, ಗೆರೆ ಒಡೆದಂತೆ ಕಾಣುತ್ತದೆ

ಇದು ಖರ್ಚಿಲ್ಲದ ಪರೀಕ್ಷೆ, ಆದ್ದರಿಂದ ಮೊದಲು ಇದನ್ನೇ ಮಾಡಿ. ವಾಟ್ಸಾಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ. ಸಣ್ಣ ಅಂಕಿಗಳು, ಪುಟ್ಟ ಚುಕ್ಕೆಗಳು ಮೊದಲು ಮಾಯವಾಗುತ್ತವೆ. ಸರ್ಕ್ಯೂಟಿಗೆ ಬೇಕಾಗಿರುವುದೇ ಅವು. ಕಳಿಸಿದವರಿಗೆ "ಡಾಕ್ಯುಮೆಂಟ್ ಆಗಿ ಕಳಿಸಿ" ಎನ್ನಿ. ಪಿಡಿಎಫ್ ಇದ್ದರೆ ಇನ್ನೂ ಒಳ್ಳೆಯದು.

ಆಮೇಲೆ ಅಂಚುಗಳನ್ನು ನೋಡಿ. ಸ್ಕ್ರೀನ್‌ಶಾಟ್ ತೆಗೆಯುವಾಗ ಎಲ್ಲರೂ ನಡುವಿನ ಭಾಗವನ್ನೇ ಹಿಡಿಯುತ್ತಾರೆ, ಅಂಚು ಕತ್ತರಿಸಿಹೋಗಿರುತ್ತದೆ. ಕಂಪನಿಯವರು ಮಾಡಿದ ಸರ್ಕ್ಯೂಟ್ ಡ್ರಾಯಿಂಗಿನಲ್ಲಿ ಬಲಗಡೆ ಕೆಳಮೂಲೆಯಲ್ಲಿ ಹೆಸರು, ಡ್ರಾಯಿಂಗ್ ನಂಬರ್, ಹಾಳೆ ನಂಬರ್ ಇರುವ ಪಟ್ಟಿ ಇರುವುದು ವಾಡಿಕೆ. ಮೇಲಂಚಿನಲ್ಲಿ 1, 2, 3 ಎಂದು ಅಂಕಣದ ಸಂಖ್ಯೆಗಳಿದ್ದರೆ ಅದು ಹೆಚ್ಚುಕಡಿಮೆ ಸರ್ಕ್ಯೂಟೇ. ನೆಟ್‌ವರ್ಕ್ ಚಿತ್ರದಲ್ಲಾದರೆ ಮೂಲೆಯಲ್ಲಿ ಯಾವ ಬಣ್ಣ ಯಾವ ಕೇಬಲ್ ಎಂಬ ಸೂಚಿ ಇರುತ್ತದೆ. ಆ ಮೂಲೆ ಕಾಣದಿದ್ದರೆ ಊಹೆ ಮಾಡುತ್ತಾ ಕೂರಬೇಡಿ, ಪೂರ್ತಿ ಹಾಳೆ ಕೇಳಿ.

ಫೋನಿನಲ್ಲಿ ಡಾರ್ಕ್ ಮೋಡ್ ಹಾಕಿದ್ದರೆ ಕೆಲವು ಚಿತ್ರಗಳಲ್ಲಿ ಕಪ್ಪು ಗೆರೆ ಕಪ್ಪು ಹಿನ್ನೆಲೆಯಲ್ಲಿ ಮುಳುಗಿಹೋಗುತ್ತದೆ. ಒಮ್ಮೆ ತೆಗೆದು ನೋಡಿ.

## START, STOP ಎರಡೂ ಬರೆದಿದೆ

ನಮ್ಮ ರೈತರು ಎಡವಿದ್ದು ಇಲ್ಲೇ. ಫ್ಲೋ ಚಾರ್ಟಿನಲ್ಲಿ START ಎನ್ನುವುದು ತುದಿ ದುಂಡಗಿರುವ ಡಬ್ಬದಲ್ಲಿ, ಸಾಮಾನ್ಯವಾಗಿ ಮೇಲ್ಗಡೆ ಇರುತ್ತದೆ. STOP ಅಥವಾ END ಕೆಳಗಡೆ ಇರುತ್ತದೆ. START ಡಬ್ಬದಿಂದ ಗೆರೆ ಹೊರಗೆ ಹೋಗುತ್ತದೆ, ಒಳಗೆ ಬರುವ ಗೆರೆ ಇಲ್ಲ. STOP ಡಬ್ಬಕ್ಕೆ ಗೆರೆ ಬರುತ್ತದೆ, ಮುಂದೆ ಹೋಗುವುದಿಲ್ಲ.

ಸ್ಟಾರ್ಟರ್ ಸರ್ಕ್ಯೂಟಿನಲ್ಲಿ ಇವೆರಡೂ ಪುಶ್ ಬಟನ್‌ಗಳು. ಎರಡಕ್ಕೂ ಒಂದು ಕಡೆ ವೈರ್ ಬರುತ್ತದೆ, ಇನ್ನೊಂದು ಕಡೆ ಹೋಗುತ್ತದೆ. ಇನ್ನೊಂದು ತಮಾಷೆ ಏನೆಂದರೆ ಇಲ್ಲಿ ಸಾಮಾನ್ಯವಾಗಿ STOP ಮೊದಲು ಬರುತ್ತದೆ, START ಆಮೇಲೆ. ಇದಕ್ಕೆ ಕಾರಣ ಇದೆ. STOP ಒತ್ತಿದರೆ ಮುಂದಿನ ಎಲ್ಲ ದಾರಿಗೂ ಕರೆಂಟ್ ತಪ್ಪಬೇಕು, ಹಾಗಾಗಿ ಅದು ಬಾಗಿಲಲ್ಲೇ ಕೂತಿರುತ್ತದೆ. ಮೊದಲು STOP, ನಂತರ START ಎಂದು ಕಂಡರೆ ಅದು ಫ್ಲೋ ಚಾರ್ಟ್ ಆಗಿರಲು ಸಾಧ್ಯವೇ ಇಲ್ಲ, ಅಲ್ವಾ?

ಬಾಣ ಇಲ್ಲ ಎಂಬ ಒಂದೇ ಕಾರಣಕ್ಕೆ ಮಾತ್ರ ಫ್ಲೋ ಚಾರ್ಟ್ ಅಲ್ಲ ಎನ್ನಬೇಡಿ. ಫ್ಲೋ ಚಾರ್ಟ್ ಚಿಹ್ನೆಗಳ ಅಂತರರಾಷ್ಟ್ರೀಯ ನಿಯಮ 1985ರ ISO 5807. ಮೇಲಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ಹೋಗುವ ಗೆರೆಗೆ ಅದರ ಪ್ರಕಾರ ಬಾಣ ಹಾಕಲೇಬೇಕೆಂದಿಲ್ಲ.

ಡಬ್ಬದ ಒಳಗಿನ ಬರಹವನ್ನೂ ಓದಿ. ಫ್ಲೋ ಚಾರ್ಟಿನ ಡಬ್ಬದೊಳಗೆ ಒಂದು ಕೆಲಸ ಇರುತ್ತದೆ: "ನೀರಿನ ಮಟ್ಟ ಓದು", "ಒಟ್ಟು ಕೂಡು" ಎಂಬಂತೆ. ಸರ್ಕ್ಯೂಟಿನಲ್ಲಿ ಡಬ್ಬ ಸಾಮಾನ್ಯವಾಗಿ ಖಾಲಿ ಇರುತ್ತದೆ, ಅದರ ಪಕ್ಕದಲ್ಲಿ ಹೆಸರು ಇರುತ್ತದೆ: R1, F2, K1. ಯುರೋಪಿನ ಪದ್ಧತಿಯಲ್ಲಿ ರೆಸಿಸ್ಟರ್, ಫ್ಯೂಸ್, ಮೋಟರಿಗೆ ಕರೆಂಟ್ ಜೋಡಿಸುವ ಸ್ವಿಚ್ಚಾದ ಕಾಂಟ್ಯಾಕ್ಟರಿನ ಕಾಯಿಲ್ ಮೂರಕ್ಕೂ ಪುಟ್ಟ ಆಯತವೇ ಬರುತ್ತದೆ. ಫ್ಯೂಸ್ ಆದರೆ ಅದರ ಉದ್ದಕ್ಕೂ ಒಂದು ಗೆರೆ ಹಾದುಹೋಗಿರುತ್ತದೆ. ಕಾಯಿಲ್ ಆದರೆ ಎರಡು ತುದಿಗೆ A1, A2 ಎಂದಿರುತ್ತದೆ.

## ವಜ್ರದ ಆಕಾರ ಇದೆ

ವಜ್ರ ಕಂಡ ಕೂಡಲೇ ಫ್ಲೋ ಚಾರ್ಟ್ ಎನ್ನುವವರು ಜಾಸ್ತಿ. ವಜ್ರಕ್ಕೆ ಎಷ್ಟು ಗೆರೆ ಸೇರಿದೆ ಎಂದು ಎಣಿಸಿ. ಫ್ಲೋ ಚಾರ್ಟಿನಲ್ಲಿ ವಜ್ರ ಎಂದರೆ ಪ್ರಶ್ನೆ. ಒಂದು ಗೆರೆ ಒಳಗೆ ಬರುತ್ತದೆ, ಎರಡು ಹೊರಗೆ ಹೋಗುತ್ತವೆ, ಅವುಗಳ ಮೇಲೆ YES, NO ಎಂದು ಬರೆದಿರುತ್ತದೆ. ಆ ಬರಹ ಇಲ್ಲದ ವಜ್ರವನ್ನು ನಾನು ನಂಬುವುದಿಲ್ಲ.

ಸರ್ಕ್ಯೂಟಿನಲ್ಲಿ ನಾಲ್ಕು ಮೂಲೆಗೂ ವೈರ್ ಸೇರಿದ್ದರೆ ಅದು ಹೆಚ್ಚಾಗಿ ಬ್ರಿಡ್ಜ್ ರೆಕ್ಟಿಫೈಯರ್, ಅಂದರೆ ಎಸಿಯನ್ನು ಡಿಸಿ ಮಾಡುವ ಭಾಗ. ಎದುರುಬದುರಿನ ಎರಡು ಮೂಲೆಯಲ್ಲಿ ಎಸಿ ಗುರುತು, ಉಳಿದೆರಡರಲ್ಲಿ + ಮತ್ತು − ಇರುತ್ತದೆ. ಒಳಗೆ ತ್ರಿಕೋನದ ತುದಿಗೆ ಅಡ್ಡಗೆರೆ ಇರುವ ಡಯೋಡ್ ಗುರುತೂ ಕಾಣಬಹುದು.

## ಗುಂಡಿನ ಒಳಗೆ ಒಂದೇ ಅಕ್ಷರ

ಗುಂಡಿನೊಳಗೆ A ಎಂದಿದೆ ಅನ್ನಿ. ಸರ್ಕ್ಯೂಟ್ ಆದರೆ ಅದು ಆಮ್‌ಮೀಟರ್. ಒಂದು ವೈರಿನ ದಾರಿಯಲ್ಲೇ ಕೂತಿರುತ್ತದೆ, ಎರಡೂ ಪಕ್ಕ ವೈರ್ ಇರುತ್ತದೆ. ಫ್ಲೋ ಚಾರ್ಟ್ ಆದರೆ ಅದು ಕನೆಕ್ಟರ್. ಗೆರೆ ಇಲ್ಲಿ ಮುಗಿದು ಬೇರೆ ಕಡೆ ಇನ್ನೊಂದು A ಗುಂಡಿನಿಂದ ಮುಂದುವರಿಯುತ್ತದೆ ಎಂದರ್ಥ. ಹಾಗಾಗಿ ಜೋಡಿ ಗುಂಡು ಹುಡುಕಿ. ಎರಡನೆಯದು ಸಿಕ್ಕಿ, ಎರಡಕ್ಕೂ ಒಂದೊಂದೇ ಪಕ್ಕ ಗೆರೆ ಇದ್ದರೆ ಫ್ಲೋ ಚಾರ್ಟ್. ಸಿಗದೆ, ಪಕ್ಕದಲ್ಲಿ V ಅಥವಾ M ಎಂಬ ಗುಂಡು ಸಿಕ್ಕರೆ ಅವು ವೋಲ್ಟ್‌ಮೀಟರ್ ಮತ್ತು ಮೋಟರ್.

## ಎರಡು ಪುಟ್ಟ ಗೆರೆ ಎದುರುಬದುರು ನಿಂತಿವೆ

ಸರ್ಕ್ಯೂಟ್ ಎಂದು ಗೊತ್ತಾದ ಮೇಲೂ ಕಾಡುವ ಚಿಹ್ನೆ ಇದು. ಎರಡು ಸಮಾನಾಂತರ ಗೆರೆ ಎಂದರೆ ಶಾಲೆಯಲ್ಲಿ ಕಲಿತದ್ದು ಕೆಪಾಸಿಟರ್. ಅಮೆರಿಕದ ಪದ್ಧತಿಯ ಕಂಟ್ರೋಲ್ ಚಿತ್ರಗಳಲ್ಲಿ ಅದೇ ಗುರುತು ಕಾಂಟ್ಯಾಕ್ಟ್, ಅಂದರೆ ಸ್ವಿಚ್ಚಿನಂತೆ ತೆರೆದು ಮುಚ್ಚುವ ಬಿಂದು. ಅದರ ಮೇಲೆ ಓರೆಗೆರೆ ಇದ್ದರೆ ಸುಮ್ಮನಿದ್ದಾಗ ಮುಚ್ಚಿರುವ ಕಾಂಟ್ಯಾಕ್ಟ್. ಇಲ್ಲದಿದ್ದರೆ ಸುಮ್ಮನಿದ್ದಾಗ ತೆರೆದಿರುವುದು.

ಪಕ್ಕದ ಬರಹವೇ ಇಲ್ಲಿ ತೀರ್ಪು ಕೊಡುತ್ತದೆ. C1 ಎಂದೋ µF ಎಂದೋ ಇದ್ದರೆ ಕೆಪಾಸಿಟರ್. K1, S2 ಎಂದು ಇದ್ದರೆ ಅಥವಾ 13, 14 ರಂಥ ಜೋಡಿ ಅಂಕಿ ಇದ್ದರೆ ಕಾಂಟ್ಯಾಕ್ಟ್. ಸಿಂಗಲ್ ಫೇಸ್ ಪಂಪಿನ ಪ್ಯಾನಲ್ಲಿನಲ್ಲಿ ಎರಡೂ ಇರುತ್ತವೆ, ಅಲ್ಲಿ ಇನ್ನಷ್ಟು ಎಚ್ಚರ ಬೇಕು. ಮೇನ್ ಇಳಿಸಿದ ಮೇಲೂ ಕೆಪಾಸಿಟರ್ ಹೊಡೆಯುತ್ತದೆ.

ಆ ಜೋಡಿ ಅಂಕಿಗೂ ಅರ್ಥ ಇದೆ. ಸಹಾಯಕ ಕಾಂಟ್ಯಾಕ್ಟಿನ ಅಂಕಿಗಳು 3 ಮತ್ತು 4 ರಲ್ಲಿ ಮುಗಿದರೆ ಅದು ಸುಮ್ಮನಿದ್ದಾಗ ತೆರೆದಿರುತ್ತದೆ. 1 ಮತ್ತು 2 ರಲ್ಲಿ ಮುಗಿದರೆ ಮುಚ್ಚಿರುತ್ತದೆ. ಮೋಟರ್ ಜಾಸ್ತಿ ಕರೆಂಟ್ ಎಳೆದರೆ ನಿಲ್ಲಿಸುವ ಓವರ್‌ಲೋಡ್ ರಿಲೇಯಲ್ಲಿ 95-96 ಎಂಬುದು ಮುಚ್ಚಿರುವ ಜೋಡಿ, 97-98 ತೆರೆದಿರುವ ಜೋಡಿ. ಇಷ್ಟು ನೆನಪಿದ್ದರೆ ಚಿಹ್ನೆ ಮಸುಕಾಗಿದ್ದರೂ ಚಿತ್ರ ಓದಬಹುದು.

## ಗೆರೆಗಳು ಒಂದನ್ನೊಂದು ದಾಟುತ್ತವೆ

ಸರ್ಕ್ಯೂಟಿನಲ್ಲಿ ದಾಟುವ ಜಾಗದಲ್ಲಿ ಕಪ್ಪು ಚುಕ್ಕೆ ಇದ್ದರೆ ಎರಡು ವೈರ್ ಸೇರಿವೆ. ಚುಕ್ಕೆ ಇಲ್ಲದಿದ್ದರೆ ಸುಮ್ನೆ ದಾಟಿಹೋಗಿವೆ. ಮಸುಕಾದ ಸ್ಕ್ರೀನ್‌ಶಾಟ್‌ನಲ್ಲಿ ಮಾಯವಾಗುವ ಚುಕ್ಕೆ ಎಂದು ಆಗಲೇ ಹೇಳಿದ್ದು ಇದನ್ನೇ. ಚುಕ್ಕೆ ಇದೆಯೋ ಇಲ್ಲವೋ ಅನುಮಾನವಾದರೆ ಆ ಚಿತ್ರ ನೋಡಿ ವೈರಿಂಗ್ ಮಾಡುವಂತಿಲ್ಲ. ತಪ್ಪಿ ಸೇರಿಸಿದರೆ ಎರಡು ಫೇಸ್ ನೇರ ಕೂಡಿ ಕಿಡಿ ಹಾರುತ್ತದೆ.

ಚುಕ್ಕೆಚುಕ್ಕೆಯ ಗೆರೆಗೆ ಮೂರು ಕಡೆ ಮೂರು ಅರ್ಥ. ಸರ್ಕ್ಯೂಟಿನಲ್ಲಿ ಅದು ಸಾಮಾನ್ಯವಾಗಿ ವೈರ್ ಅಲ್ಲ. ಒಂದೇ ಉಪಕರಣದ ಭಾಗಗಳು ಒಟ್ಟಿಗೆ ಅಲುಗುತ್ತವೆ ಎಂದು ಅಥವಾ ಇಷ್ಟು ಭಾಗ ಒಂದು ಪೆಟ್ಟಿಗೆಯೊಳಗಿದೆ ಎಂದು ತೋರಿಸುತ್ತದೆ. ಫ್ಲೋ ಚಾರ್ಟಿನಲ್ಲಿ ಅದು ಟಿಪ್ಪಣಿಗೆ ಹೋಗುವ ಗೆರೆ. ನೆಟ್‌ವರ್ಕಿನಲ್ಲಿ ಹೆಚ್ಚಾಗಿ ವೈಫೈ, ಆದರೆ ಮೂಲೆಯ ಸೂಚಿ ನೋಡದೆ ಹೇಳಬೇಡಿ.

## ಬಟನ್ ಬಿಟ್ಟರೆ ಮೋಟರ್ ನಿಲ್ಲುತ್ತದೆ: ನಾಗಮಂಗಲದ ಚಿತ್ರ ಓದಿದ್ದು ಹೀಗೆ

ಮೂಲ ಪಿಡಿಎಫ್ ತರಿಸಿದೆವು. ಮೋಟರಿಗೆ ಹೋಗುವ ದಪ್ಪ ವೈರುಗಳ ಭಾಗ ಬಿಟ್ಟು, ಬಟನ್‌ಗಳಿರುವ ಕಂಟ್ರೋಲ್ ಭಾಗವನ್ನು ಮಾತ್ರ ಅಕ್ಷರದಲ್ಲಿ ಬರೆದರೆ ಹೀಗಿತ್ತು:

```
L1--[95-96]--[STOP]--+--[START]----+--(K1 A1-A2)--L2
                     |             |
                     +--[K1 13-14]-+
```

L1ರಿಂದ ಹೊರಟು ಗೆರೆ ಹಿಡಿದು ಹೋದರೆ L2 ತಲುಪುತ್ತೇವೆ. ಒಂದು ಫೇಸಿನಿಂದ ಹೊರಟು ಇನ್ನೊಂದಕ್ಕೆ ಮುಟ್ಟಿದರೆ ಅದು ಸರ್ಕ್ಯೂಟ್, ಬೇರೆ ಪುರಾವೆ ಬೇಡ. ಇನ್ನೊಂದು ಗುರುತು: K1 ಎಂಬ ಹೆಸರು ಎರಡು ಕಡೆ ಬಂದಿದೆ. ಸರ್ಕ್ಯೂಟಿನಲ್ಲಿ ಒಂದೇ ಹೆಸರು ಎರಡು ಕಡೆ ಇದ್ದರೆ ಅದು ಒಂದೇ ವಸ್ತುವಿನ ಎರಡು ಭಾಗ. ಇಲ್ಲಿ K1 ಎಂದರೆ ಕಾಂಟ್ಯಾಕ್ಟರ್. A1-A2 ಅದರ ಕಾಯಿಲ್, 13-14 ಆ ಕಾಯಿಲ್ ಎಳೆದಾಗ ಮುಚ್ಚುವ ಕಾಂಟ್ಯಾಕ್ಟ್. ಚಿತ್ರದಲ್ಲಿ ಎಲ್ಲವನ್ನೂ ಕರೆಂಟ್ ಇಲ್ಲದ, ಯಾರೂ ಏನೂ ಒತ್ತದ ಸ್ಥಿತಿಯಲ್ಲಿ ಬರೆದಿರುತ್ತಾರೆ. ಇದನ್ನು ಮರೆತರೆ ಇಡೀ ಚಿತ್ರ ತಲೆಕೆಳಗಾಗಿ ಕಾಣುತ್ತದೆ.

ಈಗ START ಒತ್ತಿ ಎಂದುಕೊಳ್ಳಿ. ಕಾಯಿಲಿಗೆ ಕರೆಂಟ್ ಸಿಕ್ಕಿ ಟಪ್ ಎಂದು ಎಳೆಯುತ್ತದೆ, ಮೋಟರ್ ಓಡುತ್ತದೆ. ಅದೇ ಕ್ಷಣಕ್ಕೆ 13-14 ಮುಚ್ಚಿಕೊಳ್ಳುತ್ತದೆ. ಬಟನ್ ಬಿಟ್ಟಾಗ ಮೇಲಿನ ದಾರಿ ತೆರೆದುಕೊಂಡರೂ ಕೆಳಗಿನ 13-14 ದಾರಿಯಿಂದ ಕಾಯಿಲಿಗೆ ಕರೆಂಟ್ ಬರುತ್ತಲೇ ಇರಬೇಕು. ವೈರ್‌ಮನ್‌ಗಳು ಇದನ್ನು ಹೋಲ್ಡಿಂಗ್ ಎನ್ನುತ್ತಾರೆ.

ಬಟನ್ ಒತ್ತಿದಾಗ ಓಡುತ್ತದೆ ಎಂದ ಮೇಲೆ L1, 95-96, STOP, START, ಕಾಯಿಲ್, L2 ಎಲ್ಲ ಸರಿ ಇವೆ. ಬಿಟ್ಟಾಗ ನಿಲ್ಲುತ್ತದೆ ಎಂದ ಮೇಲೆ ಉಳಿದಿರುವುದು ಒಂದೇ ಕೊಂಬೆ: 13-14 ಮತ್ತು ಅದಕ್ಕೆ ಹೋಗುವ ಎರಡು ವೈರ್. ಪೆಟ್ಟಿಗೆ ತೆರೆಯುವ ಮೊದಲೇ ಇಷ್ಟು ಗೊತ್ತಾಯಿತು. ಹಿಂದಿನ ವಾರವಷ್ಟೇ ಕಾಂಟ್ಯಾಕ್ಟರ್ ಬದಲಾಯಿಸಿದ್ದರು ಎಂಬ ಸುದ್ದಿಯೂ ಆಗ ಹೊರಬಂತು.

ಮುಂದಿನ ಕೆಲಸ ಊರಿನ ವೈರ್‌ಮನ್ ಮಾಡಿದರು. ಮೇನ್ ಇಳಿಸಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡರು; ಇನ್ಯಾರೋ ಬಂದು ಹಾಕಬಾರದಲ್ಲ. ಟೆಸ್ಟರ್ ಹಿಡಿದು ಮೂರೂ ಫೇಸ್ ಸತ್ತಿದೆ ಎಂದು ನೋಡಿದರು. ಮೀಟರನ್ನು ಬೀಪ್‌ಗೆ ಇಟ್ಟು 13 ಮತ್ತು 14 ರ ಮೇಲೆ ಹಿಡಿದರೆ ಸದ್ದಿಲ್ಲ, ಅದು ಸರಿಯೇ. ಕಾಂಟ್ಯಾಕ್ಟರಿನ ನಡುಭಾಗವನ್ನು ಕೈಯಿಂದ ಒತ್ತಿದಾಗ ಬೀಪ್ ಬಂತು. ಅಂದರೆ ಕಾಂಟ್ಯಾಕ್ಟ್ ಒಳ್ಳೆಯದಿದೆ, ವೈರೇ ಕೈಕೊಟ್ಟಿದೆ. 13 ರಿಂದ START ಬಟನ್ನಿನ STOP ಕಡೆಯ ತುದಿಗೆ ಹಿಡಿದಾಗ ಬೀಪ್ ಬಂತು. 14 ರಿಂದ ಕಾಯಿಲಿನ A1ಗೆ ಹಿಡಿದಾಗ ಬರಲಿಲ್ಲ. ಹಳೆಯ ಕಾಂಟ್ಯಾಕ್ಟರ್ ತೆಗೆದಾಗ ಬಿಚ್ಚಿದ್ದ 14 ರ ವೈರ್ ಟೇಪ್ ಸುತ್ತಿಕೊಂಡು ಪಕ್ಕದಲ್ಲೇ ಬಿದ್ದಿತ್ತು.

ಇದೇ ಚಿತ್ರ ಬೇರೆ ಲಕ್ಷಣಕ್ಕೂ ಉತ್ತರ ಕೊಡುತ್ತದೆ. START ಒತ್ತಿದರೂ ಟಪ್ ಎಂಬ ಸದ್ದೇ ಇಲ್ಲದಿದ್ದರೆ ಹೋಲ್ಡಿಂಗ್ ಕಡೆ ನೋಡುವುದು ದಂಡ. ಮೊದಲು ತ್ರೀ ಫೇಸ್ ಬಂದಿದೆಯಾ ನೋಡಿ. ಬಂದಿದ್ದರೆ ಅನುಮಾನ 95-96 ಮೇಲೆ: ಓವರ್‌ಲೋಡ್ ಟ್ರಿಪ್ ಆಗಿರಬಹುದು. ಸ್ವಲ್ಪ ಹೊತ್ತು ಆರಲು ಬಿಟ್ಟು ಒಮ್ಮೆ ರೀಸೆಟ್ ಒತ್ತಿ. ಮತ್ತೆ ಟ್ರಿಪ್ ಆದರೆ ಮೋಟರ್ ಜಾಸ್ತಿ ಕರೆಂಟ್ ಎಳೆಯುತ್ತಿದೆ, ಅಲ್ಲಿಗೆ ನಿಲ್ಲಿಸಿ. ಇನ್ನು ಕರೆಂಟ್ ಬಂದ ಕೂಡಲೇ ಯಾರೂ ಒತ್ತದೆ ಕಾಂಟ್ಯಾಕ್ಟರ್ ಕಟಕಟ ಎಂದು ಬಡಿದುಕೊಂಡರೆ, 13-14 ಇರಬೇಕಾದ ಜಾಗಕ್ಕೆ ಯಾರೋ 21-22 ಜೋಡಿಸಿರುವ ಸಾಧ್ಯತೆ ಇದೆ. ಅದು ಮುಚ್ಚಿರುವ ಜೋಡಿ. ಕಾಯಿಲ್ ಎಳೆದರೆ ತೆರೆದುಕೊಳ್ಳುತ್ತದೆ, ಬಿಟ್ಟರೆ ಮತ್ತೆ ಮುಚ್ಚುತ್ತದೆ, ಹೀಗೇ ನಡೆಯುತ್ತಿರುತ್ತದೆ.

ಎಚ್ಚರಿಕೆ. ಚಿತ್ರ ಓದುವುದು ಯಾರು ಬೇಕಾದರೂ ಮಾಡಬಹುದು. ಪೆಟ್ಟಿಗೆ ತೆರೆಯುವುದು ಲೈಸೆನ್ಸ್ ಇರುವ ವೈರ್‌ಮನ್ ಕೆಲಸ. ಒಳಗೆ ಫೇಸ್‌ನಿಂದ ಫೇಸ್‌ಗೆ 415 ವೋಲ್ಟ್ ಇದೆ. ಕಂಟ್ರೋಲ್ ವೈರ್ ತೆಳ್ಳಗಿದೆ ಎಂದು ವೋಲ್ಟೇಜ್ ಕಡಿಮೆ ಇರುತ್ತದೆ ಅಂದುಕೊಳ್ಳಬೇಡಿ, ಮೇಲಿನ ಚಿತ್ರದಲ್ಲಿ ಕಾಯಿಲ್ ಇರುವುದೇ ಎರಡು ಫೇಸ್ ನಡುವೆ. ಹೋಲ್ಡಿಂಗ್ ಹೋಗಿದೆ ಎಂದು ಕಾಂಟ್ಯಾಕ್ಟರಿಗೆ ಕಡ್ಡಿ ಸಿಕ್ಕಿಸಿ ಮೋಟರ್ ಓಡಿಸುವವರಿದ್ದಾರೆ. ಚಿತ್ರ ನೋಡಿದರೆ ಅದರ ಅಪಾಯ ಅರ್ಥವಾಗುತ್ತದೆ: ಓವರ್‌ಲೋಡ್ ರಿಲೇ ತೆರೆಯುವುದು ಕಾಯಿಲಿನ ದಾರಿಯನ್ನು. ಕಡ್ಡಿಯೇ ಒತ್ತಿ ಹಿಡಿದಿದ್ದರೆ ರಿಲೇ ತೆರೆದರೂ ಏನೂ ಆಗುವುದಿಲ್ಲ, ಮೋಟರ್ ಸುಟ್ಟುಹೋಗುತ್ತದೆ.

## ಮೋಡ, ಡಬ್ಬ, ಚುಕ್ಕೆ ಹಾಕಿದ ಅಂಕಿ

192.168.1.10 ರಂಥ ನಾಲ್ಕು ತುಂಡಿನ ಅಂಕಿ ಕಂಡರೆ ನೆಟ್‌ವರ್ಕ್ ಚಿತ್ರ. ಮೋಡ ಎಂದರೆ ಇಂಟರ್‌ನೆಟ್, ಅಥವಾ "ಒಳಗೇನಿದೆ ಎಂಬುದು ಇಲ್ಲಿ ಬೇಡ" ಎಂಬ ಭಾಗ. ನಾಲ್ಕು ಬಾಣ ಇರುವ ಗುಂಡು ಬಿಲ್ಲೆ ರೂಟರ್, ಬಾಣಗಳಿರುವ ಚೌಕ ಸ್ವಿಚ್, ಇಟ್ಟಿಗೆ ಗೋಡೆ ಫೈರ್‌ವಾಲ್. ಇಲ್ಲಿ ಬಾಣ ಇರುವುದು ಚಿಹ್ನೆಯ ಒಳಗೆ, ಗೆರೆಯ ಮೇಲೆ ಅಲ್ಲ. ಸಿಲಿಂಡರ್ ಕಂಡರೆ ಮಾತ್ರ ತಡೆಯಿರಿ. ಎತ್ತರದ ಸಿಲಿಂಡರ್ ಸಾಮಾನ್ಯವಾಗಿ ಡೇಟಾಬೇಸ್, ಫ್ಲೋ ಚಾರ್ಟಿನಲ್ಲೂ ಬರುತ್ತದೆ.

ಮೈಸೂರಿನ ಅಂಗಡಿಯೊಂದರ ಸಿಸಿಟಿವಿ ಚಿತ್ರ ಹೀಗಿದೆ ಅನ್ನಿ: ರೂಟರ್ 192.168.1.1, ಅದಕ್ಕೆ ಸ್ವಿಚ್, ಸ್ವಿಚ್ಚಿಗೆ ರೆಕಾರ್ಡರ್ ಮತ್ತು ನಾಲ್ಕು ಕ್ಯಾಮೆರಾ. ಒಂದೇ ಕ್ಯಾಮೆರಾ ಕಾಣದಿದ್ದರೆ ಆ ಒಂದು ಗೆರೆ, ಅದರ ಎರಡು ತುದಿ ನೋಡಿದರೆ ಸಾಕು. ನಾಲ್ಕೂ ಹೋಗಿದ್ದರೆ ಎಲ್ಲಕ್ಕೂ ಸಾಮಾನ್ಯವಾಗಿರುವ ಸ್ವಿಚ್ಚಿನ ಕಡೆ ಹೋಗಿ. ಕೇಬಲ್ ಸರಿ ಇದ್ದೂ ಒಂದು ಬರದಿದ್ದರೆ ಅಂಕಿ ಓದಿ. ಉಳಿದವೆಲ್ಲ 192.168.1 ರಿಂದ ಶುರುವಾಗಿ ಕೊನೆಗೆ /24 ಇದ್ದು, ಇದೊಂದು 192.168.0.13 ಎಂದಿದ್ದರೆ ಸಿಕ್ಕಿತು ಬಿಡಿ. /24 ಎಂದರೆ ಮೊದಲ ಮೂರು ತುಂಡು ಒಂದೇ ಇರಬೇಕು.

## ನೆಟ್‌ವರ್ಕ್ ಥರ ಇದೆ, ಆದರೆ kV ಎಂದು ಬರೆದಿದೆ

ಒಂದೇ ಗೆರೆ, ಅದರ ಮೇಲೆ ಮೂರು ಓರೆ ಗೀಟು, ನಡುವೆ ಒಂದರ ಮೇಲೊಂದು ಹತ್ತಿದ ಎರಡು ಗುಂಡು, ಪಕ್ಕದಲ್ಲಿ 11 kV / 433 V. ಇದು ಸಿಂಗಲ್ ಲೈನ್ ಡಯಾಗ್ರಂ. ಗೀಟುಗಳು ಒಂದು ಗೆರೆಯೊಳಗೆ ಮೂರು ವೈರ್ ಇವೆ ಎನ್ನುತ್ತವೆ, ಹತ್ತಿದ ಗುಂಡುಗಳು ಟ್ರಾನ್ಸ್‌ಫಾರ್ಮರ್. ನಮ್ಮೂರ ಟಿಸಿಯ ಚಿತ್ರ ಇದು. ಇಲ್ಲಿ ಓದುವುದಕ್ಕಿಂತ ಮುಂದೆ ನಮ್ಮ ಕೆಲಸ ಏನೂ ಇಲ್ಲ. ಟಿಸಿ ಫ್ಯೂಸ್ ಹೋಗಿದ್ದರೆ ಸೆಸ್ಕ್ ಲೈನ್‌ಮನ್‌ಗೆ ಹೇಳಿ, ಕೋಲು ಹಿಡಿದು ಹೋಗಬೇಡಿ.

## ಇನ್ನೊಬ್ಬರಿಗೆ ಕಳಿಸುವ ಮುನ್ನ

ಮೇಲಿನದೆಲ್ಲ ಮಾಡಿದರೂ ಜಾತಿ ತಿಳಿಯದಿದ್ದರೆ ಬಲ್ಲವರಿಗೆ ಕಳಿಸಿ. ಪೂರ್ತಿ ಹಾಳೆ, ಡಾಕ್ಯುಮೆಂಟ್ ಆಗಿ. ಚಿತ್ರದ ಜೊತೆ ಲಕ್ಷಣವನ್ನೂ ಬರೆಯಿರಿ: ಏನು ಒತ್ತಿದಾಗ ಏನಾಯಿತು, ಇತ್ತೀಚೆಗೆ ಏನು ಬದಲಾಯಿಸಿದಿರಿ. ಸ್ಟಾರ್ಟರ್ ಆದರೆ ಪೆಟ್ಟಿಗೆಯ ಬಾಗಿಲಿನ ಒಳಗಡೆ ಅಂಟಿಸಿದ ಚಿತ್ರದ ಫೋಟೋ ಇದ್ದರೆ ಉತ್ತಮ, ಅದನ್ನು ವೈರ್‌ಮನ್ ಬಂದಾಗ ತೆಗೆಸಿ. ನೆಟ್‌ವರ್ಕ್ ಚಿತ್ರವಾದರೆ ಅದರಲ್ಲಿ ವೈಫೈ ಪಾಸ್‌ವರ್ಡ್, ರೆಕಾರ್ಡರಿನ ಲಾಗಿನ್ ಬರೆದಿದೆಯಾ ನೋಡಿ, ಇದ್ದರೆ ಕತ್ತರಿಸಿ ಕಳಿಸಿ. ಪೆನ್ನಿನಂತೆ ಗೀಚಿ ಮುಚ್ಚಿದರೆ ಕೆಲವೊಮ್ಮೆ ಕೆಳಗಿನ ಅಕ್ಷರ ಹಾಗೇ ಕಾಣುತ್ತದೆ. ಈಗಾಗಲೇ ಯಾವುದಾದರೂ ಗ್ರೂಪಿಗೆ ಹೋಗಿದ್ದರೆ ಪಾಸ್‌ವರ್ಡ್ ಬದಲಾಯಿಸಿ.